ಟೈರ್ ಲೇಬಲ್‌ನ ಎರಡು ಅಕ್ಷರಗಳು: ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಟೈರಿನ ಮೈಮೇಲೆ ಹಸಿರಿನಿಂದ ಕೆಂಪಿನವರೆಗೆ ಬಣ್ಣದ ಪಟ್ಟಿಗಳಿರುವ ಒಂದು ಸ್ಟಿಕ್ಕರ್ ಅಂಟಿರುತ್ತದೆ. ಅಂಗಡಿಯಲ್ಲಿ ಫಿಟ್ಟಿಂಗ್ ಮಾಡುವ ಹುಡುಗ ಮೊದಲು ಮಾಡುವ ಕೆಲಸವೇ ಅದನ್ನು ಕಿತ್ತು ಉಂಡೆ ಕಟ್ಟಿ ಎಸೆಯುವುದು. ಎರಡು ವರ್ಷದ ಹಿಂದೆ ನನ್ನ ಕಾರಿಗೆ ಟೈರ್ ಹಾಕಿಸುವಾಗ ಹೀಗೇ ಆಯಿತು; ಉಂಡೆಯನ್ನು ಹೆಕ್ಕಿ ಬಿಡಿಸಿ ನೋಡಿದರೆ ಎರಡು ಅಕ್ಷರ, ಪಕ್ಕದಲ್ಲಿ ಎರಡು ಚಿತ್ರ. ಪೆಟ್ರೋಲ್ ಬಂಕ್ ಚಿತ್ರದ ಎದುರು ‘ಎ’, ಮಳೆ ಮೋಡದ ಚಿತ್ರದ ಎದುರು ‘ಸಿ’. ಅಂಗಡಿಯವರನ್ನು ಕೇಳಿದರೆ "ಎ ಇದೆಯಲ್ಲ ಸಾರ್, ಬೆಸ್ಟ್ ಟೈರ್" ಅಂದರು. ‘ಸಿ’ ಬಗ್ಗೆ ಮಾತಿಲ್ಲ. ಅಂದಿನಿಂದ ಗೆಳೆಯರು ಟೈರ್ ಕೊಳ್ಳುವ ಮುಂಚೆ ನನಗೆ ಫೋನ್ ಮಾಡುತ್ತಾರೆ. ಅವರು ಕೇಳುವ ಪ್ರಶ್ನೆಗಳೇ ಇಲ್ಲಿರುವುದು.

## ಈ ಸ್ಟಿಕ್ಕರ್ ಯಾರದು? ನಮ್ಮ ಸರ್ಕಾರದ್ದೇ?

ಅಲ್ಲ, ಯುರೋಪಿಯನ್ ಒಕ್ಕೂಟದ್ದು. ಅಲ್ಲಿ 2012ರಿಂದ ಟೈರಿಗೆ ಲೇಬಲ್ ಕಡ್ಡಾಯ. ಈಗಿರುವ ರೂಪ 2021ರ ಮೇ 1ರಿಂದ ಜಾರಿಗೆ ಬಂದಿದೆ. ಆಮದಾದ ಟೈರುಗಳ ಮೇಲೆ, ಇಲ್ಲಿಂದ ಅಲ್ಲಿಗೆ ರಫ್ತಾಗುವ ಕೆಲವು ಮಾಡೆಲ್‌ಗಳ ಮೇಲೆ ಅದು ನಮ್ಮ ಅಂಗಡಿಗಳಲ್ಲೂ ಕಾಣುತ್ತದೆ. ಜರ್ಮನಿಯಲ್ಲೋ ನೆದರ್‌ಲ್ಯಾಂಡ್ಸ್‌ನಲ್ಲೋ ಇರುವ ಕನ್ನಡಿಗರಿಗೆ ಪ್ರತಿ ಅಂಗಡಿಯಲ್ಲೂ, ಪ್ರತಿ ಆನ್‌ಲೈನ್ ಪುಟದಲ್ಲೂ ಸಿಗುತ್ತದೆ. ಭಾರತದ ನಿಯಮ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಲೇಬಲ್‌ನಲ್ಲಿ ಮುಖ್ಯವಾಗಿ ಮೂರು ಸಂಗತಿಗಳಿವೆ. ಎಡಕ್ಕೆ ರೋಲಿಂಗ್ ರೆಸಿಸ್ಟೆನ್ಸ್, ಅಂದರೆ ಟೈರ್ ಉರುಳುವಾಗ ತಾನೇ ನುಂಗುವ ಶಕ್ತಿ. ಬಲಕ್ಕೆ ವೆಟ್ ಗ್ರಿಪ್, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗಿನ ಹಿಡಿತ. ಎರಡಕ್ಕೂ ಎ ಇಂದ ಇ ತನಕ ಐದು ದರ್ಜೆ. ಕೆಳಗೆ ಸದ್ದಿನ ಡೆಸಿಬೆಲ್. ಅದು ಟೈರ್ ಹೊರಗೆ ರಸ್ತೆಗೆ ಮಾಡುವ ಸದ್ದು, ಕಾರಿನೊಳಗೆ ನಿಮಗೆ ಕೇಳುವುದಲ್ಲ. ಕೊಳ್ಳುವಾಗ ಅದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

## ರೋಲಿಂಗ್ ರೆಸಿಸ್ಟೆನ್ಸ್ ಅಂದರೆ ನಿಜಕ್ಕೂ ಏನು?

ಟೈರ್ ನೆಲಕ್ಕೆ ತಾಗುವ ಕಡೆ ಭಾರಕ್ಕೆ ಚಪ್ಪಟೆಯಾಗುತ್ತದೆ, ಮೇಲೆದ್ದಾಗ ಮತ್ತೆ ದುಂಡಾಗುತ್ತದೆ. ರಬ್ಬರನ್ನು ಹಿಚುಕಲು ಕೊಟ್ಟ ಶಕ್ತಿಯಷ್ಟನ್ನೂ ಅದು ವಾಪಸ್ ಕೊಡುವುದಿಲ್ಲ; ಒಂದು ಪಾಲು ಶಾಖವಾಗಿ ಹೋಗುತ್ತದೆ. ದೂರ ಓಡಿಸಿ ಬಂದು ಟೈರ್ ಮುಟ್ಟಿದರೆ ಬೆಚ್ಚಗಿರುತ್ತದಲ್ಲ, ಆ ಬಿಸಿಯ ಬಹುಪಾಲು ನೀವು ಹಾಕಿಸಿದ ಪೆಟ್ರೋಲೇ.

ಇದನ್ನು ಅಳೆಯುವುದು ರಸ್ತೆಯಲ್ಲಲ್ಲ, ಪ್ರಯೋಗಾಲಯದಲ್ಲಿ. ಕಾರಿನ ಟೈರನ್ನು ದೊಡ್ಡ ಉಕ್ಕಿನ ಡ್ರಮ್ಮಿಗೆ ಒತ್ತಿ ಹಿಡಿದು ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡಿಸುತ್ತಾರೆ. ಟೈರ್ ಹೊರಬಲ್ಲ ಗರಿಷ್ಠ ಭಾರದ ಶೇ 80ರಷ್ಟನ್ನು ಅದರ ಮೇಲೆ ಹೇರಿ, ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ಎಳೆತ ಎಷ್ಟೆಂದು ನೋಡುತ್ತಾರೆ. ಬರುವ ಸಂಖ್ಯೆಯನ್ನು ಹೀಗೆ ಓದಿಕೊಳ್ಳಿ: ಒಂದು ಟನ್ ಭಾರಕ್ಕೆ ಎಷ್ಟು ಕೆಜಿ ಎಳೆತ. ಕಾರಿನ ಟೈರಿಗೆ 6.5ರ ತನಕ ಎ, 7.7ರ ತನಕ ಬಿ, 9.0ರ ತನಕ ಸಿ, 10.5ರ ತನಕ ಡಿ, ಅದಕ್ಕೂ ಮೇಲಿದ್ದರೆ ಇ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅಕ್ಷರ ಅನ್ನುವುದು ಒಂದು ಪಟ್ಟೆ, ಒಂದು ಬಿಂದುವಲ್ಲ. 7.7 ಬಂದ ಟೈರಿಗೆ ಬಿ, 7.8 ಬಂದದ್ದಕ್ಕೆ ಸಿ. ಇವೆರಡರ ನಡುವೆ ಓಡಿಸುವವನಿಗೆ ಗೊತ್ತಾಗುವ ವ್ಯತ್ಯಾಸವೇ ಇಲ್ಲ. ಒಂದೇ ಅಕ್ಷರದ ಅಂತರಕ್ಕೆ ಟೈರಿಗೆ ಎರಡು ಸಾವಿರ ಹೆಚ್ಚು ಕೊಡುವ ಮುಂಚೆ ಇದು ನೆನಪಿರಲಿ. ಎರಡು ಅಕ್ಷರದ ಅಂತರ ಇದ್ದರೆ ಮಾತ್ರ ವ್ಯತ್ಯಾಸ ಖಾತ್ರಿ.

## ‘ಎ’ ಹಾಕಿದರೆ ಎಷ್ಟು ದುಡ್ಡು ಉಳಿಯುತ್ತದೆ?

ಲೆಕ್ಕ ಹಾಕೇ ನೋಡೋಣ. ಜನ, ಸಾಮಾನು ಸೇರಿ 1,400 ಕೆಜಿ ತೂಗುವ ಪೆಟ್ರೋಲ್ ಕಾರು ಇಟ್ಟುಕೊಳ್ಳಿ, ಲೀಟರಿಗೆ 15 ಕಿ.ಮೀ. ಕೊಡುವಂಥದ್ದು. ಈಗಿರುವ ಟೈರ್ ಸಿ ದರ್ಜೆಯ ಕೆಳ ಅಂಚಿನದು, 9.0. ಹೊಸದು ಎ, 6.5.

ಹಳೆಯದರಲ್ಲಿ ನಾಲ್ಕೂ ಟೈರ್ ಸೇರಿ ಕಾರನ್ನು ಹಿಂದಕ್ಕೆ ಎಳೆಯುತ್ತಿದ್ದದ್ದು 1.4 ಗುಣಿಸು 9, ಅಂದರೆ 12.6 ಕೆಜಿ. ಹೊಸದರಲ್ಲಿ 9.1 ಕೆಜಿ. ಉಳಿತಾಯ ಮೂರೂವರೆ ಕೆಜಿ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಅರ್ಧ ವಾರದ ತರಕಾರಿ ಚೀಲ. ಆದರೆ ಆ ಚೀಲವನ್ನು 100 ಕಿ.ಮೀ. ದೂರ ಎಳೆದುಕೊಂಡು ಹೋಗಲು ಬೇಕಾದ ಶಕ್ತಿ ಸುಮಾರು ಒಂದು ಡೆಸಿಲೀಟರ್ ಪೆಟ್ರೋಲಿನಲ್ಲಿರುವಷ್ಟು. ಎಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಮೂರನೇ ಒಂದು ಪಾಲನ್ನಷ್ಟೇ ಚಕ್ರಕ್ಕೆ ಕೊಡುತ್ತದೆ ಎಂದು ಹಿಡಿದರೆ ನಿಜಕ್ಕೂ ಉರಿಯುವುದು ಅದರ ಮೂರು ಪಟ್ಟು: 100 ಕಿ.ಮೀ.ಗೆ 0.32 ಲೀಟರ್. 15 ಕೊಡುತ್ತಿದ್ದ ಕಾರು ಹದಿನೈದು ಮುಕ್ಕಾಲು ಕೊಡುತ್ತದೆ.

ಟೈರ್ 40,000 ಕಿ.ಮೀ. ಬಾಳಿದರೆ ಒಟ್ಟು ಸುಮಾರು 128 ಲೀಟರ್. ಲೀಟರಿಗೆ ₹100 ಎಂದರೆ ₹12,800, ಒಂದು ಟೈರಿಗೆ ₹3,200. ಎ ದರ್ಜೆಯ ಟೈರಿನ ಬೆಲೆ ಇದಕ್ಕಿಂತ ಕಡಿಮೆ ಅಂತರದಲ್ಲಿದ್ದರೆ ದುಡ್ಡಿನ ಲೆಕ್ಕದಲ್ಲಿ ಗೆದ್ದಿರಿ. ವರ್ಷಕ್ಕೆ ಐದಾರು ಸಾವಿರ ಕಿ.ಮೀ. ಮಾತ್ರ ಓಡಿಸುವವರಿಗೆ ಈ ಲೆಕ್ಕ ಒಪ್ಪುವುದಿಲ್ಲ. ಅಷ್ಟು ಓಡುವ ಹೊತ್ತಿಗೆ ಏಳು ವರ್ಷ ಕಳೆದು, ಸವೆಯುವ ಮುಂಚೆ ರಬ್ಬರೇ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ.

## ಎಲೆಕ್ಟ್ರಿಕ್ ಕಾರಿಗೂ ಇದೇ ಲೆಕ್ಕವೇ?

ಎಳೆತದ ಲೆಕ್ಕ ಅದೇ, ಫಲ ಎದ್ದು ಕಾಣುತ್ತದೆ. ಅದೇ ತೂಕದ ಎಲೆಕ್ಟ್ರಿಕ್ ಕಾರಿನಲ್ಲಿ ಮೂರೂವರೆ ಕೆಜಿ ಕಡಿಮೆಯಾದರೆ 100 ಕಿ.ಮೀ.ಗೆ ಸುಮಾರು ಒಂದು ಯೂನಿಟ್ ಕರೆಂಟ್ ಉಳಿಯುತ್ತದೆ. 15 ಯೂನಿಟ್ ತಿನ್ನುವ ಕಾರಿಗೆ ಇದು ಶೇ 7ರಷ್ಟು. ಒಂದು ಚಾರ್ಜಿಗೆ 300 ಕಿ.ಮೀ. ಹೋಗುತ್ತಿದ್ದದ್ದು 320 ದಾಟುತ್ತದೆ. ದುಡ್ಡು ಅಂಥ ದೊಡ್ಡದಲ್ಲ, ರೇಂಜ್ ದೊಡ್ಡದು. ಎಲೆಕ್ಟ್ರಿಕ್ ಕಾರಿನ ಮೂಲ ಟೈರ್ ಸವೆದು, ಸೈಜ್ ಒಂದೇ ಎಂದು ಯಾವುದೋ ಅಗ್ಗದ ಟೈರ್ ಹಾಕಿಸಿದವರು "ಬ್ಯಾಟರಿ ವೀಕ್ ಆಗಿದೆ" ಎಂದು ಸರ್ವಿಸ್ ಸೆಂಟರಿಗೆ ಓಡುವುದಕ್ಕೆ ಇದೂ ಒಂದು ಕಾರಣ.

## ಹೊಸ ಟೈರ್ ಹಾಕಿಸಿದೆ, ಮೈಲೇಜ್ ಇಳಿಯಿತು. ಲೇಬಲ್ ಸುಳ್ಳೇ?

ಇಲ್ಲ. ನೀವು ಹೋಲಿಸುತ್ತಿರುವುದು ಬೋಳಾದ ಹಳೆಯ ಟೈರಿನ ಜೊತೆ. ಶಕ್ತಿ ನುಂಗುವುದರಲ್ಲಿ ದೊಡ್ಡ ಪಾಲು ಟ್ರೆಡ್ಡಿನ, ಅಂದರೆ ನೆಲಕ್ಕೆ ತಾಗುವ ಗೀರುಗಳಿರುವ ಪದರದ ರಬ್ಬರಿನದು. ಸವೆದ ಟೈರಿನಲ್ಲಿ ಹಿಚುಕಿಸಿಕೊಳ್ಳಲು ರಬ್ಬರೇ ಕಡಿಮೆ, ಹಾಗಾಗಿ ಅದು ಹಗುರವಾಗಿ ಉರುಳುತ್ತದೆ. ಸಾಲದ್ದಕ್ಕೆ ಸವೆದ ಚಕ್ರದ ಸುತ್ತಳತೆ ತುಸು ಚಿಕ್ಕದು. ಅದು ಹೆಚ್ಚು ಸುತ್ತು ತಿರುಗುವುದರಿಂದ ಓಡೋಮೀಟರ್ ಇಲ್ಲದ ಕಿಲೋಮೀಟರ್‌ಗಳನ್ನೂ ಸೇರಿಸಿ ತೋರಿಸುತ್ತಿತ್ತು. ಹಳೆಯ ಟೈರಿನ ಮೈಲೇಜಿನಲ್ಲಿ ಒಂದಿಷ್ಟು ಬರಿ ಮೀಟರಿನ ಜಂಬ. ಹೊಸ ಟೈರನ್ನು ಹೊಸ ಟೈರಿನ ಜೊತೆಗೇ ಹೋಲಿಸಬೇಕು, ಲೇಬಲ್ ಮಾಡುವುದೂ ಅಷ್ಟನ್ನೇ.

ಇನ್ನೊಂದು ಕಾರಣ ಗಾಳಿ. 33 ಪಿಎಸ್‌ಐ ಇರಬೇಕಾದ ಟೈರಿನಲ್ಲಿ 23 ಇದ್ದರೆ ಎಳೆತ ಅಂದಾಜು ಶೇ 15 ಏರುತ್ತದೆ. ಒಂದು ದರ್ಜೆಯ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ದುಡ್ಡು ಕೊಟ್ಟು ತಂದ ಎ ಟೈರ್ ಗಾಳಿ ನೋಡದ ತಪ್ಪಿಗೆ ಬಿ ಆಗಿ ಓಡುತ್ತಿರುತ್ತದೆ.

## ವೆಟ್ ಗ್ರಿಪ್ ದರ್ಜೆ ಹೇಗೆ ಕೊಡುತ್ತಾರೆ?

ಒದ್ದೆ ಟ್ರ್ಯಾಕಿನ ಮೇಲೆ, ಸುಮಾರು ಒಂದು ಮಿಲಿಮೀಟರ್ ನೀರಿನ ಪದರದಲ್ಲಿ. ಕಾರನ್ನು ನೇರವಾಗಿ ಓಡಿಸಿ ಬ್ರೇಕ್ ಒತ್ತಿ, ವೇಗ 80ರಿಂದ 20ಕ್ಕೆ ಎಷ್ಟು ಬೇಗ ಇಳಿಯಿತು ಎಂದು ನೋಡುತ್ತಾರೆ. ಅದೇ ದಿನ, ಅದೇ ಟ್ರ್ಯಾಕಿನಲ್ಲಿ ಒಂದು ಪ್ರಮಾಣಿತ ಟೈರನ್ನೂ ಓಡಿಸಿ ಅದಕ್ಕೆ ಹೋಲಿಸಿ ಸೂಚ್ಯಂಕ ಕೊಡುತ್ತಾರೆ. ಟ್ರ್ಯಾಕ್ ನುಣುಪಾಗಿದ್ದರೆ ಎರಡೂ ಟೈರಿಗೆ ನುಣುಪೇ, ಹಾಗಾಗಿ ಅನ್ಯಾಯವಿಲ್ಲ. ಕಾರಿನ ಟೈರಿಗೆ 1.55 ಮತ್ತು ಅದರ ಮೇಲೆ ಎ, 1.40ರಿಂದ ಬಿ, 1.25ರಿಂದ ಸಿ, 1.10ರಿಂದ ಡಿ, ಅದಕ್ಕಿಂತ ಕೆಳಗೆ ಇ.

## ಎ ಮತ್ತು ಸಿ ನಡುವೆ ಎಷ್ಟು ಮೀಟರ್ ವ್ಯತ್ಯಾಸ?

ಎಲ್ಲರೂ ಮೀಟರ್ ಕೇಳುತ್ತಾರೆ. ನನಗೆ ಅದಕ್ಕಿಂತ ಇನ್ನೊಂದು ಪ್ರಶ್ನೆ ಮುಖ್ಯ ಅನ್ನಿಸುತ್ತದೆ: ಎ ಟೈರಿನ ಕಾರು ಪೂರ್ತಿ ನಿಂತ ಜಾಗದಲ್ಲಿ ಸಿ ಟೈರಿನ ಕಾರು ಎಷ್ಟು ವೇಗದಲ್ಲಿರುತ್ತದೆ?

ಎರಡು ಕಾರು, ಪಕ್ಕಪಕ್ಕ, ಎರಡೂ 80ರಲ್ಲಿ. ಒದ್ದೆ ರಸ್ತೆ. ಒಂದಕ್ಕೆ 1.55 ಸೂಚ್ಯಂಕದ ಟೈರ್, ಇನ್ನೊಂದಕ್ಕೆ ಸಿ ದರ್ಜೆಯ ನಡುಮಧ್ಯದ 1.32. ಎದುರಿಗೆ ಲಾರಿ ಅಡ್ಡ ನಿಂತಿದೆ, ಇಬ್ಬರೂ ಒಟ್ಟಿಗೆ ಬ್ರೇಕ್ ಒತ್ತಿದರು. ಎ ಕಾರು 28 ಮೀಟರಿಗೆ ನಿಂತಿತು ಅನ್ನಿ. ಸಿ ಕಾರಿಗೆ ಬೇಕಾದದ್ದು ಸುಮಾರು 33. ಐದು ಮೀಟರ್, ಒಂದು ಕಾರಿನ ಉದ್ದಕ್ಕಿಂತ ಸ್ವಲ್ಪ ಹೆಚ್ಚು. ಆದರೆ ವೇಗ ಸಮಸಮನಾಗಿ ಇಳಿಯುವುದಿಲ್ಲ. ಬ್ರೇಕ್ ಹಾಕಿದ ಮೊದಲ ಮೀಟರ್‌ಗಳಲ್ಲಿ ಇಳಿಯುವುದು ಕಡಿಮೆ, ವೇಗದ ದೊಡ್ಡ ಪಾಲು ಕಳೆಯುವುದು ಕೊನೆಯ ಕೆಲವು ಮೀಟರ್‌ಗಳಲ್ಲಿ. ಹಾಗಾಗಿ 28ನೇ ಮೀಟರಿನಲ್ಲಿ, ಪಕ್ಕದವನು ಸೊನ್ನೆಯಲ್ಲಿರುವಾಗ, ಸಿ ಕಾರು ಇನ್ನೂ ಗಂಟೆಗೆ 31 ಕಿ.ಮೀ. ವೇಗದಲ್ಲಿರುತ್ತದೆ. ಲಾರಿ ಅಲ್ಲೇ ಇದ್ದರೆ ಆ 31ರಲ್ಲೇ ಡಿಕ್ಕಿ.

ರಸ್ತೆ ಇನ್ನಷ್ಟು ಜಾರಿದರೆ 28 ಹೋಗಿ 40 ಆಗಬಹುದು, ಆದರೆ ಈ 31 ಬದಲಾಗುವುದಿಲ್ಲ. ಎರಡು ಟೈರುಗಳ ಹಿಡಿತದ ಅನುಪಾತ ಹಾಗೇ ಇರುವ ತನಕ ಅದು ಅಷ್ಟೇ. ಸಿ ಬದಲು 1.09ರ ಇ ಟೈರ್ ಇದ್ದರೆ ಉಳಿದ ವೇಗ 43 ದಾಟುತ್ತದೆ.

ಮೊದಲ ಅಕ್ಷರದ ಲೆಕ್ಕ 40,000 ಕಿ.ಮೀ. ಉದ್ದಕ್ಕೂ ಹನಿಹನಿಯಾಗಿ ಬರುತ್ತದೆ. ಎರಡನೆಯದರ ಲೆಕ್ಕ ಯಾವುದೋ ಒಂದು ಸಂಜೆ ಒಂದೇ ಸಲಕ್ಕೆ ಬರುತ್ತದೆ. ಅದಕ್ಕೇ ನಾನು ಮೋಡದ ಚಿತ್ರವನ್ನು ಮೊದಲು ನೋಡುತ್ತೇನೆ: ಅಲ್ಲಿ ಎ ಅಥವಾ ಬಿ ಇರುವ ಟೈರುಗಳನ್ನು ಮೊದಲು ಆರಿಸಿ, ಅವುಗಳಲ್ಲಿ ಪೆಟ್ರೋಲ್ ಬಂಕ್ ಅಕ್ಷರ ಒಳ್ಳೆಯದಿರುವುದನ್ನು ಕೊಳ್ಳುತ್ತೇನೆ. ನನ್ನ ಆ ಎ-ಸಿ ಟೈರುಗಳು ಇನ್ನೂ ಕಾರಿನಲ್ಲೇ ಇವೆ. ಮಳೆಯಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ ಆ ‘ಸಿ’ ನೆನಪಾಗುತ್ತಲೇ ಇರುತ್ತದೆ.

## ಎರಡರಲ್ಲೂ ಎ ಇರುವ ಟೈರ್ ಯಾಕೆ ಅಪರೂಪ?

ಎರಡೂ ಒಂದಕ್ಕೊಂದು ವಿರುದ್ಧ ಬೇಡಿಕೆ. ಒದ್ದೆ ರಸ್ತೆಯ ಸಣ್ಣ ಉಬ್ಬುತಗ್ಗುಗಳ ಮೇಲೆ ಜಾರುವಾಗ ರಬ್ಬರು ಶಕ್ತಿ ನುಂಗಿದಷ್ಟೂ ಹಿಡಿತ ಹೆಚ್ಚು. ಉರುಳುವಾಗ ನುಂಗಿದಷ್ಟೂ ನಷ್ಟ ಹೆಚ್ಚು. ನುಂಗಬೇಕು, ನುಂಗಬಾರದು!

ದಾರಿ ಸಿಕ್ಕಿದ್ದು ಎರಡರ ಲಯದ ವ್ಯತ್ಯಾಸದಲ್ಲಿ. ಉರುಳುವಾಗ ರಬ್ಬರು ಹಿಚುಕುವುದು ಸೆಕೆಂಡಿಗೆ ಹತ್ತಾರು ಸಲ; ಬ್ರೇಕ್ ಹಾಕಿದಾಗ ಕಲ್ಲಿನ ಮೊನೆಗಳ ಮೇಲೆ ಅದರ ಹೊರಮೈ ನಡುಗುವುದು ಸಾವಿರಾರು ಸಲಕ್ಕೂ ಮೇಲೆ. ನಿಧಾನದ ಲಯದಲ್ಲಿ ಕಡಿಮೆ, ವೇಗದ ಲಯದಲ್ಲಿ ಹೆಚ್ಚು ನುಂಗುವ ರಬ್ಬರು ಮಾಡಿದರೆ ಎರಡೂ ದಕ್ಕುತ್ತದೆ. ಹಿಂದೆ ಟೈರಿಗೆ ಬಲ ಕೊಡಲು ಬೆರೆಸುತ್ತಿದ್ದದ್ದು ಮಸಿ, ಅಂದರೆ ಕಾರ್ಬನ್ ಬ್ಲ್ಯಾಕ್. ಅದರ ಬಹುಪಾಲಿನ ಬದಲು ಸಿಲಿಕಾ ಹಾಕಿ, ಅದು ರಬ್ಬರಿಗೆ ಅಂಟಿಕೊಳ್ಳಲು ಸಿಲೇನ್ ಎಂಬ ರಾಸಾಯನಿಕ ಸೇರಿಸಿದಾಗ ಈ ಗುಣ ಬಂತು. ಮಿಶಲಿನ್ ಕಂಪನಿ 1992ರಲ್ಲಿ ಇಂಥ ಟೈರನ್ನು ‘ಹಸಿರು ಟೈರ್’ ಎಂದು ಮಾರುಕಟ್ಟೆಗೆ ತಂದಿತು. ಈಗ ಎ-ಎ ಟೈರುಗಳು ಸಿಗುತ್ತವೆ, ಆದರೆ ಬೆಲೆ ಜಾಸ್ತಿ. ಮತ್ತೆ ಟೈರ್ ಎಷ್ಟು ಬಾಳುತ್ತದೆ ಎಂಬ ಮೂರನೇ ಮೂಲೆ ಲೇಬಲ್‌ನಲ್ಲೇ ಇಲ್ಲ. ಟ್ರೆಡ್ ತೆಳ್ಳಗೆ ಮಾಡಿದರೆ ಎಳೆತ ತಾನಾಗಿ ಇಳಿಯುತ್ತದೆ, ಬಾಳಿಕೆಯೂ ಇಳಿಯುತ್ತದೆ. ಹೊಸ ಟೈರಿನ ಟ್ರೆಡ್ ಆಳವನ್ನು ಅಂಗಡಿಯಲ್ಲೇ ಅಳೆಸಿ ನೋಡುವುದು ಒಳ್ಳೆಯದು.

## ವೆಟ್ ಗ್ರಿಪ್ ಎ ಇದ್ದರೆ ಮಳೆಗಾಲದಲ್ಲಿ ನಿಶ್ಚಿಂತೆಯೇ?

ಪರೀಕ್ಷೆ ಏನನ್ನು ನೋಡಿತೋ ಅಷ್ಟಕ್ಕೆ ಮಾತ್ರ: ಹೊಸ ಟೈರ್, ತೆಳು ನೀರು, ನೇರ ಬ್ರೇಕ್. ತಿರುವಿನಲ್ಲಿನ ಹಿಡಿತವನ್ನು ಅದು ಅಳೆದಿಲ್ಲ. ಅಂಡರ್‌ಪಾಸಿನಲ್ಲಿ ನಿಂತ ನೀರಿಗೆ ವೇಗವಾಗಿ ನುಗ್ಗಿ ಟೈರ್ ನೆಲ ಬಿಟ್ಟು ತೇಲುವುದನ್ನೂ ಅಳೆದಿಲ್ಲ. ಅದನ್ನು ನಿರ್ಧರಿಸುವುದು ಮುಖ್ಯವಾಗಿ ಗೀರುಗಳ ಆಳ, ಗಾಳಿ ಮತ್ತು ನಿಮ್ಮ ವೇಗ. ಬೇಸಿಗೆಯ ಧೂಳು, ಎಣ್ಣೆ ಮೊದಲ ಮಳೆಗೆ ಕಲಸಿ ಲೋಳೆಯಾಗುತ್ತದಲ್ಲ, ಅಂಥ ರಸ್ತೆಯೂ ಪರೀಕ್ಷೆಯಲ್ಲಿಲ್ಲ. ಸವೆದು 2 ಮಿಲಿಮೀಟರಿಗೆ ಬಂದ ಎ ಟೈರಿಗಿಂತ ಹೊಸ ಸಿ ಟೈರ್ ನಿಂತ ನೀರಿನಲ್ಲಿ ಮೇಲು.

## ನಮ್ಮ ದೇಶದ ನಿಯಮ ಏನು ಹೇಳುತ್ತದೆ?

ಪಾಸೋ ಫೇಲೋ ಎಂದಷ್ಟೇ ಹೇಳುತ್ತದೆ. ರಸ್ತೆ ಸಾರಿಗೆ ಸಚಿವಾಲಯ 2022ರ ಜೂನ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಕಾರು, ಬಸ್ಸು, ಲಾರಿಗಳ ಟೈರ್ ಎಐಎಸ್-142 ಮಾನದಂಡದ ಪ್ರಕಾರ ರೋಲಿಂಗ್ ರೆಸಿಸ್ಟೆನ್ಸ್, ವೆಟ್ ಗ್ರಿಪ್, ಸದ್ದು ಮೂರರಲ್ಲೂ ಮಿತಿಯೊಳಗಿರಬೇಕು. ಪಾಸಾದ ಮೇಲೆ ನೂರಕ್ಕೆ ಮೂವತ್ತೈದೋ ತೊಂಬತ್ತೋ ಎನ್ನುವುದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಇದಲ್ಲದೆ ಫ್ರಿಜ್, ಎಸಿಗೆ ಸ್ಟಾರ್ ಕೊಡುವ ಬಿಇಇ ಟೈರಿಗೂ ಸ್ಟಾರ್ ಲೇಬಲ್ ತಂದಿದೆ. ಆ ಸ್ಟಾರ್ ಇಂಧನ ಉಳಿತಾಯಕ್ಕೆ, ಅಂದರೆ ರೋಲಿಂಗ್ ರೆಸಿಸ್ಟೆನ್ಸಿಗೆ. ಐದು ಸ್ಟಾರ್ ನೋಡಿ ಮಳೆಯ ಹಿಡಿತವೂ ಐದು ಸ್ಟಾರ್ ಎಂದುಕೊಳ್ಳಬೇಡಿ.

ಬೈಕ್, ಸ್ಕೂಟರ್ ಟೈರುಗಳಿಗೆ ಯುರೋಪಿನ ಲೇಬಲ್ ಅನ್ವಯಿಸುವುದಿಲ್ಲ.

## ಸ್ಟಿಕ್ಕರ್ ಇಲ್ಲದ ಟೈರಿನ ದರ್ಜೆ ತಿಳಿಯುವುದು ಹೇಗೆ?

ಮೊಬೈಲ್ ಟಾರ್ಚ್ ಹಾಕಿ ಟೈರಿನ ಪಕ್ಕೆ ನೋಡಿ. ವೃತ್ತದೊಳಗೆ E ಅಕ್ಷರ ಮತ್ತು ಒಂದು ಸಂಖ್ಯೆ, ಅದರ ಹತ್ತಿರ `S2WR2` ಎಂಬ ಅಚ್ಚು ಇದ್ದರೆ ಅದು ಸದ್ದು, ಒದ್ದೆ ಹಿಡಿತ, ಉರುಳುವ ಎಳೆತ ಮೂರರಲ್ಲೂ ಅಂತರರಾಷ್ಟ್ರೀಯ ಮಾನದಂಡದಲ್ಲಿ ಪಾಸಾದ ಗುರುತು. ಇದೂ ಪಾಸ್ ಗುರುತು, ದರ್ಜೆಯಲ್ಲ.

ದರ್ಜೆ ಬೇಕಿದ್ದರೆ ಯುರೋಪಿನ ಸಾರ್ವಜನಿಕ ದತ್ತಾಂಶ `eprel.ec.europa.eu` ತಾಣದಲ್ಲಿದೆ. ಲೇಬಲ್ ಮೇಲಿನ ಕ್ಯೂಆರ್ ಕೋಡ್ ಹೋಗುವುದೂ ಅಲ್ಲಿಗೇ. ಮಾಡೆಲ್ ಹೆಸರಿನ ಜೊತೆ ನಿಮ್ಮದೇ ಸೈಜ್, ಎಷ್ಟು ಭಾರ ಹೊರಬಲ್ಲದು ಎಂದು ತಿಳಿಸುವ ಲೋಡ್ ಇಂಡೆಕ್ಸ್ ಸಂಖ್ಯೆ ಹೊಂದಿಸಿ ಹುಡುಕಿ, ಯಾಕೆಂದರೆ ಒಂದೇ ಹೆಸರಿನ ಟೈರಿಗೆ 15 ಇಂಚಿನಲ್ಲಿ ಸಿ, 17 ಇಂಚಿನಲ್ಲಿ ಬಿ ಬರುವುದು ಸಾಮಾನ್ಯ. ಇಲ್ಲಿ ಮಾರುವ ಅದೇ ಹೆಸರಿನ ಟೈರ್ ಬೇರೆ ಕಾರ್ಖಾನೆಯ, ಬೇರೆ ಮಿಶ್ರಣದ್ದೂ ಆಗಿರಬಹುದು, ಆದ್ದರಿಂದ ಅಲ್ಲಿನ ಅಕ್ಷರವನ್ನು ಸುಳಿವು ಎಂದಷ್ಟೇ ತೆಗೆದುಕೊಳ್ಳಿ. ಅಲ್ಲಿಯೂ ದರ್ಜೆ ಘೋಷಿಸುವುದು ತಯಾರಕರೇ. ಸರ್ಕಾರಗಳು ಆಮೇಲೆ ಆಯ್ದು ಪರೀಕ್ಷಿಸುತ್ತವೆ.

## ಟೈರಿನ ಮೇಲೇ "TRACTION A" ಎಂದು ಅಚ್ಚಿದೆ. ಅದೇ ವೆಟ್ ಗ್ರಿಪ್ ಎ ತಾನೇ?

ಅಲ್ಲ. ಇದು ಅಮೆರಿಕದ ಬೇರೆಯೇ ಪದ್ಧತಿ. ಅಲ್ಲಿ ಎಎ ಎಲ್ಲಕ್ಕಿಂತ ಮೇಲು, ಎ ಎರಡನೆಯದು, ಆಮೇಲೆ ಬಿ, ಸಿ. ಒದ್ದೆ ನೆಲದಲ್ಲಿ ಚಕ್ರ ಪೂರ್ತಿ ಲಾಕ್ ಆಗಿ ಜಾರುವಾಗಿನ ಹಿಡಿತವನ್ನು ಅದು ಅಳೆಯುತ್ತದೆ. ಎಬಿಎಸ್ ಇರುವ ಇಂದಿನ ಕಾರಿನಲ್ಲಿ ಚಕ್ರ ಹಾಗೆ ಲಾಕ್ ಆಗುವುದೇ ಅಪರೂಪ. ಅಂಗಡಿಯಲ್ಲಿ ಈ ಅಚ್ಚಿನ ಮೇಲೆ ಬೆರಳಿಟ್ಟು "ನೋಡಿ, ಎ ಗ್ರೇಡ್" ಎಂದರೆ ನಕ್ಕು ಸುಮ್ಮನಾಗಿ.

## ಎರಡೇ ಟೈರ್ ಬದಲಿಸುವುದಾದರೆ ಒಳ್ಳೆ ದರ್ಜೆಯದ್ದನ್ನು ಎಲ್ಲಿ ಹಾಕಿಸಲಿ?

ಹಿಂದೆ, ಮುಂದಿನ ಚಕ್ರ ಎಳೆಯುವ ಕಾರಾದರೂ. ಒದ್ದೆಯಲ್ಲಿ ಮುಂದಿನವು ಜಾರಿದರೆ ಕಾರು ನೇರ ಹೋಗುತ್ತದೆ, ವೇಗ ಇಳಿಸಿದರೆ ಮತ್ತೆ ಹಿಡಿಯುತ್ತದೆ. ಹಿಂದಿನವು ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ. ಒಂದೇ ಆಕ್ಸಲ್‌ನಲ್ಲಿ ಎಡಕ್ಕೊಂದು ದರ್ಜೆ, ಬಲಕ್ಕೊಂದು ದರ್ಜೆ ಹಾಕಿಸಲೇಬಾರದು.

## ಸ್ಟಿಕ್ಕರ್‌ನಲ್ಲಿ ‘ಎಫ್’, ‘ಜಿ’ ಕೂಡ ಇದೆ. ಇದು ಯಾವುದು?

ಅದು 2021ಕ್ಕಿಂತ ಹಿಂದಿನ ಲೇಬಲ್. ಆಗ ದರ್ಜೆ ಎ ಇಂದ ಜಿ ತನಕ ಇತ್ತು. ಕಾರಿನ ಟೈರಿನಲ್ಲಿ ಎ, ಬಿ, ಸಿ ಗೆರೆಗಳು ಬದಲಾಗಿಲ್ಲ. ಹಳೆಯ ಇ ಈಗಿನ ಡಿ, ಹಳೆಯ ಎಫ್ ಈಗಿನ ಇ. ಆದರೆ ಅಂಥ ಸ್ಟಿಕ್ಕರ್ ಕಂಡರೆ ಅಕ್ಷರಕ್ಕಿಂತ ಮೊದಲು ಟೈರಿನ ಪಕ್ಕೆಯಲ್ಲಿ DOT ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 1420 ಎಂದಿದ್ದರೆ 2020ರ 14ನೇ ವಾರ ತಯಾರಾದ ಟೈರ್. ಅಷ್ಟು ವರ್ಷ ಗೋಡೌನಿನಲ್ಲಿ ಕೂತದ್ದಕ್ಕೆ ಹೊಸ ಟೈರಿನ ಬೆಲೆ ಕೊಡಬೇಡಿ, ಬೇರೆ ತರಿಸಿಕೊಡಿ ಎನ್ನಿ.